ಸ್ವಂತ ಕರೆಂಟು ಯುನಿಟ್ಟಿಗೆ ಎಷ್ಟು ಬೀಳುತ್ತದೆ?

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಸ್ವಂತ ಟರ್ಬೈನ್ ಇಟ್ಟುಕೊಂಡ ರೈಸ್ ಮಿಲ್ ಮಾಲೀಕರನ್ನು ಯುನಿಟ್ಟಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ ಸಿಗುತ್ತದೆ. "ಎರಡು ರೂಪಾಯಿ ಚಿಲ್ಲರೆ ಬೀಳ್ತದ್ರಿ. ಹೊಟ್ಟು ನಮ್ದೇ ಐತಲ್ಲ." ಹೊಟ್ಟು ಅವರದೇ ಎಂಬುದು ನಿಜ. ಆಳುಗಳ ಪಗಾರ, ರಿಪೇರಿ ಖರ್ಚು ಕೂಡಿಸಿ ಟರ್ಬೈನ್ ಮೀಟರಿನ ಯುನಿಟ್‌ಗಳಿಂದ ಭಾಗಿಸಿದರೆ ಎರಡು ರೂಪಾಯಿ ಚಿಲ್ಲರೆ ಬರುವುದೂ ನಿಜ. ಆದರೆ ಆ ಅಂಕಿಯನ್ನು ನಂಬಿ ಜೆಸ್ಕಾಂ ಜೊತೆಗಿನ ಒಪ್ಪಂದದ ಲೋಡ್ ಕಡಿಮೆ ಮಾಡಿಸುವುದು, ಅರ್ಧ ಲೋಡಿನಲ್ಲೂ ಟರ್ಬೈನ್ ಓಡಿಸುತ್ತಲೇ ಇರುವುದು, ಒಳ್ಳೆಯ ರೇಟು ಬಂದಾಗಲೂ ಹೊಟ್ಟು ಮಾರದೇ ಸುಡುವುದು ಇವೆಲ್ಲ ನಡೆಯುತ್ತವೆ. ವರ್ಷಕ್ಕೆ ಲಕ್ಷಗಟ್ಟಲೆ ಕೈಬಿಡುವುದು ಇಲ್ಲೇ. ಅದಕ್ಕೇ ಈ ಲೆಕ್ಕವನ್ನು ಒಮ್ಮೆ ಬುಡದಿಂದ ಮಾಡಿ ನೋಡೋಣ.

ಲೆಕ್ಕಕ್ಕೆಂದು ಒಂದು ಮಿಲ್ಲನ್ನು ಕಲ್ಪಿಸಿಕೊಳ್ಳೋಣ. ಗಂಟೆಗೆ 12 ಟನ್ ಭತ್ತ ಅರೆಯುವ, ಕುಸುಬಲಕ್ಕಿಯನ್ನೂ ಮಾಡುವ ಮಿಲ್. ಅದರ ಅಂಗಳದಲ್ಲಿ 1000 ಕಿಲೋವ್ಯಾಟ್ ಸಾಮರ್ಥ್ಯದ ಟರ್ಬೈನ್, ಅದಕ್ಕೆ 32 ಬಾರ್ ಒತ್ತಡದಲ್ಲಿ ಹಬೆ ಕೊಡುವ ಹೊಟ್ಟಿನ ಬಾಯ್ಲರ್, ಹಬೆಯನ್ನು ಮತ್ತೆ ನೀರು ಮಾಡುವ ಕಂಡೆನ್ಸರ್, ಕೂಲಿಂಗ್ ಟವರ್. ಭತ್ತ ಬೇಯಿಸುವುದಕ್ಕೂ ಒಣಗಿಸುವುದಕ್ಕೂ ಬೇರೆ ಚಿಕ್ಕ ಬಾಯ್ಲರ್ ಇದೆ. ಟರ್ಬೈನ್ ಮೇಲೆ ಸರಾಸರಿ 800 ಕಿಲೋವ್ಯಾಟ್ ಲೋಡ್, ವರ್ಷಕ್ಕೆ 6000 ಗಂಟೆ ಓಟ. ಮುಂದೆ ಬರುವ ದರ, ಪಗಾರಗಳೆಲ್ಲ ನಾನು ಲೆಕ್ಕಕ್ಕೆ ಹಿಡಿದವು. ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ, ದಾರಿ ಅದೇ.

ಮೊದಲು ಭಾಜಕವನ್ನು ಸರಿಮಾಡಿಕೊಳ್ಳಬೇಕು, ಅಂದರೆ ಯಾವ ಯುನಿಟ್‌ಗಳಿಂದ ಭಾಗಿಸುತ್ತೇವೆ ಎಂಬುದನ್ನು. 800 ಕಿಲೋವ್ಯಾಟಿನಲ್ಲಿ 6000 ಗಂಟೆ ಓಡಿದರೆ ಜನರೇಟರ್ ಮೀಟರ್ 48 ಲಕ್ಷ ಯುನಿಟ್ ತೋರಿಸುತ್ತದೆ. ಆದರೆ ಇಷ್ಟೂ ಮಿಲ್ಲಿಗೆ ಹೋಗುವುದಿಲ್ಲ. ಬಾಯ್ಲರಿಗೆ ನೀರು ನುಗ್ಗಿಸುವ ಫೀಡ್ ಪಂಪು, ಗಾಳಿ ಊದುವ ಎಫ್‌ಡಿ ಫ್ಯಾನು, ಹೊಗೆ ಎಳೆಯುವ ಐಡಿ ಫ್ಯಾನು, ಕೂಲಿಂಗ್ ಟವರಿನ ಪಂಪು, ಹೊಟ್ಟು ಸಾಗಿಸುವ ಸ್ಕ್ರೂ, ಬೂದಿ ತೆಗೆಯುವ ಯಂತ್ರ ಎಲ್ಲವೂ ಇದೇ ಕರೆಂಟನ್ನು ತಿನ್ನುತ್ತವೆ. ಇಷ್ಟು ಸಣ್ಣ ಸ್ಥಾವರದಲ್ಲಿ ಈ ಒಳಬಳಕೆ ನೂರಕ್ಕೆ ಹತ್ತು ಹನ್ನೆರಡರ ಕೆಳಗೆ ಇಳಿಯುವುದು ಅಪರೂಪ. ನಮ್ಮ ಮಿಲ್ಲಿಗೆ ನೂರಕ್ಕೆ 11 ಎಂದು ಹಿಡಿದರೆ ಗಂಟೆಗೆ 88 ಯುನಿಟ್ ಒಳಗೇ ಖರ್ಚಾಗಿ 712 ಯುನಿಟ್ ಮಾತ್ರ ಹೊರಬರುತ್ತದೆ. ವರ್ಷಕ್ಕೆ 42 ಲಕ್ಷದ 72 ಸಾವಿರ. ಭಾಗಿಸಬೇಕಾದದ್ದು ಇದರಿಂದ. ಜೆಸ್ಕಾಂ ಯುನಿಟ್ ಮಿಲ್ಲಿನ ಪ್ಯಾನೆಲ್ಲಿಗೇ ಬಂದು ಬೀಳುತ್ತದೆ. ಅದರ ಜೊತೆ ಹೋಲಿಸುವ ನಮ್ಮ ಯುನಿಟ್ಟೂ ಅದೇ ಪ್ಯಾನೆಲ್ಲಿಗೆ ಬಂದ ಯುನಿಟ್ಟೇ ಆಗಿರಬೇಕು. ಒಳಬಳಕೆಗೆ ಪ್ರತ್ಯೇಕ ಮೀಟರ್ ಇಲ್ಲದ ಸ್ಥಾವರಗಳಲ್ಲಿ ಈ ನೂರಕ್ಕೆ ಹನ್ನೊಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಹೊಟ್ಟು. ಇದು ಇಡೀ ಲೆಕ್ಕದ ದೊಡ್ಡ ಪಾಲು, ಹೆಚ್ಚು ತಪ್ಪಾಗುವುದೂ ಇಲ್ಲೇ. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಒಣಗಿದ ಒಳ್ಳೆಯ ಹೊಟ್ಟಿನ ಕಿಲೋದಲ್ಲಿ 3100 ಕಿಲೋಕ್ಯಾಲೊರಿ ಆಸುಪಾಸು ಶಾಖ ಇರುತ್ತದೆ. ಒಂದು ಯುನಿಟ್ ಕರೆಂಟು ಎಂದರೆ 860 ಕಿಲೋಕ್ಯಾಲೊರಿ. ಶಾಖವೆಲ್ಲ ಕರೆಂಟಾಗುವಂತಿದ್ದರೆ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ಹೊಟ್ಟು ಸಾಕಿತ್ತು. ಆದರೆ ಬಾಯ್ಲರಿನಲ್ಲಿ ಕಾಲು ಭಾಗದಷ್ಟು ಶಾಖ ಚಿಮಣಿಯಲ್ಲಿ, ಬೂದಿಯಲ್ಲಿ ಹೋಗಿಬಿಡುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಂಡೆನ್ಸರಿನ ಮೂಲಕ ಕೂಲಿಂಗ್ ಟವರಿನಿಂದ ಆಕಾಶಕ್ಕೆ ಸೇರುತ್ತದೆ. ಒಂದು ಕಿಲೋ ಹೊಟ್ಟಿಗೆ ಮೂರೂವರೆ ಕಿಲೋ ಚಿಲ್ಲರೆ ಹಬೆ, 800 ಕಿಲೋವ್ಯಾಟ್ ಲೋಡಿನಲ್ಲಿ ಒಂದು ಯುನಿಟ್ಟಿಗೆ 6.4 ಕಿಲೋ ಹಬೆ ಎಂದು ಹಿಡಿದರೆ, ಯುನಿಟ್ಟಿಗೆ 1.8 ಕಿಲೋ ಹೊಟ್ಟು ಬೇಕು. ಒಂದು ಮೆಗಾವ್ಯಾಟ್ ಗಾತ್ರದ ಸ್ಥಾವರಕ್ಕೆ ಇದು ಕೆಟ್ಟ ಅಂಕಿಯಲ್ಲ. ಯಾರಾದರೂ ಒಂದು ಕಿಲೋ ಹೊಟ್ಟಿನಲ್ಲಿ ಒಂದು ಯುನಿಟ್ ತೆಗೆಯುತ್ತೇವೆ ಎಂದು ಈ ಗಾತ್ರದ ಯಂತ್ರ ಮಾರಲು ಬಂದರೆ ಖರೀದಿ ಮಾತು ಅಲ್ಲಿಗೇ ನಿಲ್ಲಿಸಬೇಕು.

ಗಂಟೆಗೆ 1440 ಕಿಲೋ, ವರ್ಷಕ್ಕೆ 8640 ಟನ್ ಹೊಟ್ಟು. ಮಿಲ್ಲಿನಲ್ಲಿ ಬರುವುದು ಸುಮಾರು 14,400 ಟನ್. ಉಳಿದದ್ದರಲ್ಲಿ ಬಹುಪಾಲನ್ನು ಭತ್ತ ಬೇಯಿಸುವ ಬಾಯ್ಲರ್ ತಿನ್ನುತ್ತದೆ. ಹಾಗಾದರೆ ಈ 8640 ಟನ್ನಿಗೆ ಯಾವ ಬೆಲೆ? "ನಮ್ದೇ ಐತಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ. ಇಟ್ಟಿಗೆ ಭಟ್ಟಿಯವರೋ ಬೇರೆ ಕಾರ್ಖಾನೆಯ ಬಾಯ್ಲರಿನವರೋ ಲಾರಿ ತಂದು ನಿಲ್ಲಿಸಿದರೆ ಈ ಹೊಟ್ಟಿಗೆ ಟನ್ನಿಗೆ ಎಷ್ಟು ಕೊಡುತ್ತಾರೋ ಅದರಲ್ಲಿ ಲೋಡಿಂಗ್ ಕೂಲಿ ಕಳೆದು ಉಳಿಯುವುದೇ ಅದರ ಬೆಲೆ. ಸುಟ್ಟ ಹೊಟ್ಟನ್ನು ಮಾರಲು ಬರುವುದಿಲ್ಲ. ಮಾರಿದ್ದರೆ ಬರುತ್ತಿದ್ದ ಹಣವನ್ನು ಬಾಯ್ಲರಿಗೆ ಹಾಕಿದಂತೆಯೇ ಲೆಕ್ಕ. ಟನ್ನಿಗೆ 2500 ರೂಪಾಯಿ ಹಿಡಿದರೆ ವರ್ಷಕ್ಕೆ 2 ಕೋಟಿ 16 ಲಕ್ಷ. ಮಿಲ್ಲಿನ ಪ್ಯಾನೆಲ್ಲಿಗೆ ಬಂದ ಪ್ರತಿ ಯುನಿಟ್ಟಿಗೆ 5 ರೂಪಾಯಿ 6 ಪೈಸೆ. ಎರಡು ರೂಪಾಯಿ ಚಿಲ್ಲರೆ ಎಂದವರ ಲೆಕ್ಕದಲ್ಲಿ ಈ ಐದು ರೂಪಾಯಿ ಇರಲೇ ಇಲ್ಲ. ಸುಗ್ಗಿಯಲ್ಲಿ ಎಲ್ಲರ ಅಂಗಳದಲ್ಲೂ ಹೊಟ್ಟು ರಾಶಿ ಬಿದ್ದು ಕೊಳ್ಳುವವರೇ ಇಲ್ಲದ ಕೆಲವು ವಾರಗಳಿಗೆ ಬೆಲೆ ಇಳಿಸಿ ಹಿಡಿಯುವುದು ನ್ಯಾಯ. ವರ್ಷವಿಡೀ ಸೊನ್ನೆ ಹಿಡಿಯುವುದು ನ್ಯಾಯವಲ್ಲ.

1.8 ಕಿಲೋ ಎಂಬ ಅಂಕಿಯನ್ನು ನಿಮ್ಮ ಸ್ಥಾವರದಲ್ಲಿ ಕಂಡುಹಿಡಿಯುವುದು ಹೇಗೆ? ಹೊಟ್ಟು ಮಿಲ್ಲಿನಿಂದ ಗಾಳಿಯ ಪೈಪಿನಲ್ಲಿ ನೇರ ಬಂಕರಿಗೆ ಹಾರಿ ಬೀಳುವುದರಿಂದ ಅದನ್ನು ಯಾರೂ ತೂಗುವುದಿಲ್ಲ. ವರ್ಷಕ್ಕೆ ನಾಲ್ಕು ಬಾರಿಯಾದರೂ ಒಂದು ಪೂರ್ತಿ ದಿನ ಆ ಪೈಪು ಮುಚ್ಚಿ. ಬಂಕರಿನ ಒಳಗೋಡೆಯ ಮೇಲೆ ಹೊಟ್ಟಿನ ಮಟ್ಟಕ್ಕೆ ಗುರುತು ಹಾಕಿ, ಹೊಟ್ಟಿನ ಮೇಲ್ಭಾಗವನ್ನು ಸಮ ಮಾಡಿ, ಅಲ್ಲಿಂದ 24 ಗಂಟೆ ವೇಬ್ರಿಜ್ಜಿನಲ್ಲಿ ತೂಗಿದ ಟ್ರ್ಯಾಕ್ಟರ್ ಲೋಡುಗಳನ್ನು ಮಾತ್ರ ಹಾಕಿ, ಕೊನೆಗೆ ಮತ್ತೆ ಅದೇ ಗುರುತಿಗೆ ತನ್ನಿ. ಆ ಹೊತ್ತಿನಲ್ಲಿ ಜನರೇಟರ್ ಮೀಟರನ್ನೂ ಒಳಬಳಕೆಯ ಮೀಟರನ್ನೂ ಗಂಟೆಗೊಮ್ಮೆ ಬರೆದಿಡಿ, ಲೋಡ್ ಹೆಚ್ಚು ಕಡಿಮೆ ಆಗದಂತೆ ನೋಡಿಕೊಳ್ಳಿ. ಹಾಕಿದ ತೂಕವನ್ನು ಜನರೇಟರ್ ಮೀಟರಿನ ಯುನಿಟ್‌ಗಳಿಂದ ಭಾಗಿಸಿದರೆ ಅಂಕಿ ಸಿಕ್ಕಿತು. ಫೀಡರ್ ಸ್ಕ್ರೂ ಎಷ್ಟು ಸುತ್ತು ತಿರುಗಿತು ಎಂಬುದನ್ನೂ ಅಂದೇ ಎಣಿಸಿಟ್ಟರೆ ಒಂದು ಸುತ್ತಿಗೆ ಎಷ್ಟು ಕಿಲೋ ಎಂದು ಗೊತ್ತಾಗಿ, ಮುಂದಿನ ಮೂರು ತಿಂಗಳು ಸುತ್ತುಗಳನ್ನು ನೋಡಿಯೇ ಹೊಟ್ಟಿನ ಲೆಕ್ಕ ಹೇಳಬಹುದು. ಹೊಟ್ಟಿನ ತೇವ ಎಷ್ಟಿತ್ತು ಎಂಬುದನ್ನೂ ಬರೆದಿಡಬೇಕು. ಮಳೆಗಾಲದಲ್ಲಿ ತಾಡಪಾಲು ಹೊದಿಸದೆ ಬಿಟ್ಟ ರಾಶಿಯ ತೇವ ನೂರಕ್ಕೆ 10ರಿಂದ 16ಕ್ಕೆ ಏರಿದರೆ ಕಿಲೋದಲ್ಲಿನ ಶಾಖ ನೂರಕ್ಕೆ ಏಳರಷ್ಟು ಇಳಿಯುತ್ತದೆ.

ಅಂಕಿ ಎರಡು ಕಿಲೋ ದಾಟಿದ್ದರೆ ಮೊದಲು ಬೂದಿ ನೋಡಿ. ಹೊಟ್ಟಿನ ತೂಕದಲ್ಲಿ ನೂರಕ್ಕೆ 18ರಷ್ಟು ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ. ಚೆನ್ನಾಗಿ ಉರಿದ ಹೊಟ್ಟಿನ ಬೂದಿ ತಿಳಿಬೂದು ಬಣ್ಣ. ಬೆರಳಲ್ಲಿ ಉಜ್ಜಿದಾಗ ಕಪ್ಪು ಹಿಡಿದರೆ ಇದ್ದಿಲು ಉರಿಯದೆ ಹೊರಬಂದಿದೆ ಎಂದರ್ಥ. ಬೂದಿಯಲ್ಲಿ ನೂರಕ್ಕೆ ಹತ್ತು ಇದ್ದಿಲು ಉಳಿದಿದ್ದರೆ ಹೊಟ್ಟಿನ ಶಾಖದಲ್ಲಿ ನೂರಕ್ಕೆ ಐದು ಬೂದಿಯ ಲಾರಿ ಹತ್ತಿಹೋಯಿತು. ನಮ್ಮ ಮಿಲ್ಲಿನ ಲೆಕ್ಕದಲ್ಲಿ ಅದು ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಗಾಳಿ ಎಲ್ಲಿ, ಎಷ್ಟು ಬಿಡಬೇಕು ಎಂದು ಸರಿಮಾಡುವುದರಿಂದಲೇ ಇದರ ಬಹುಪಾಲು ಸರಿಹೋಗುತ್ತದೆ. ಬೂದಿ ಸರಿಯಿದ್ದೂ ಹೊಟ್ಟು ಹೆಚ್ಚು ತಿನ್ನುತ್ತಿದ್ದರೆ ಕಂಡೆನ್ಸರಿನ ವ್ಯಾಕ್ಯೂಮ್ ನೋಡಬೇಕು. ಬೋರ್‌ವೆಲ್ಲಿನ ಗಡಸು ನೀರು ಟ್ಯೂಬಿನೊಳಗೆ ಸುಣ್ಣದಂತೆ ಗಟ್ಟಿಯಾಗಿ ಕೂತು, ಹಬೆ ತಣಿಯದೆ, ಟರ್ಬೈನಿನ ಹಿಂಬದಿಯ ಒತ್ತಡ ಏರುತ್ತದೆ. ಆ ಒತ್ತಡ 0.10 ಬಾರಿನಿಂದ 0.15ಕ್ಕೆ ಹೋದರೆ ಅದೇ ಯುನಿಟ್ಟಿಗೆ ನೂರಕ್ಕೆ ಐದರಷ್ಟು ಹೆಚ್ಚು ಹಬೆ ಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಸ್ವಲ್ಪ ಏರುವುದು ಸಹಜ. ನವೆಂಬರಿನಲ್ಲೂ ಇಳಿಯದಿದ್ದರೆ ಟ್ಯೂಬ್ ತೊಳೆಸಬೇಕು.

ಆಪರೇಟರುಗಳ ಖರ್ಚಿನ ಸ್ವಭಾವ ಬೇರೆ. ಹೊಟ್ಟು ಯುನಿಟ್ಟಿನ ಜೊತೆ ಏರುತ್ತದೆ, ಇಳಿಯುತ್ತದೆ. ಪಗಾರ ಕ್ಯಾಲೆಂಡರಿನ ಜೊತೆ ಹೋಗುತ್ತದೆ. ಒಂದು ಜಾಗದಲ್ಲಿ 24 ಗಂಟೆ, ವಾರಕ್ಕೆ ಏಳು ದಿನ ಒಬ್ಬರು ಇರಬೇಕೆಂದರೆ ವಾರಕ್ಕೆ 21 ಶಿಫ್ಟು. ಒಬ್ಬರು ಆರು ಶಿಫ್ಟು ಮಾಡಿದರೆ ಮೂವರೂವರೆ ಜನ. ರಜೆ, ಕಾಯಿಲೆ, ಹಬ್ಬ ಎಂದು ನೋಡಿದರೆ ನಾಲ್ವರು. ಮೂರು ಶಿಫ್ಟು, ಮೂರು ಜನ ಎಂದು ಯೋಜನಾ ವರದಿಯಲ್ಲಿ ಬರೆದವರು ಮೊದಲ ತಿಂಗಳಲ್ಲೇ ಓವರ್‌ಟೈಮ್ ಕೊಡತೊಡಗುತ್ತಾರೆ. ನಮ್ಮ ಮಿಲ್ಲಿನಲ್ಲಿ ಬಾಯ್ಲರ್ ಅಟೆಂಡೆಂಟರು ನಾಲ್ವರು, ತಲಾ 25 ಸಾವಿರ. ಟರ್ಬೈನ್ ಆಪರೇಟರು ನಾಲ್ವರು, ತಲಾ 24 ಸಾವಿರ. ಹೊಟ್ಟು, ಬೂದಿ ನೋಡಿಕೊಳ್ಳಲು ಶಿಫ್ಟಿಗೆ ಇಬ್ಬರಂತೆ ಎಂಟು ಹೆಲ್ಪರುಗಳು, ತಲಾ 15 ಸಾವಿರ. ಹಗಲಿಗೆ ನೀರು ಪರೀಕ್ಷಿಸುವವರೊಬ್ಬರು, ಫಿಟ್ಟರೊಬ್ಬರು, ಎಲೆಕ್ಟ್ರಿಷಿಯನ್ನರೊಬ್ಬರು, ತಲಾ 22 ಸಾವಿರ. ಎಲ್ಲಕ್ಕೂ ಜವಾಬ್ದಾರರಾದ ಇಂಜಿನಿಯರೊಬ್ಬರು, 50 ಸಾವಿರ. ಒಟ್ಟು ತಿಂಗಳಿಗೆ 4 ಲಕ್ಷ 32 ಸಾವಿರ. ಪಿಎಫ್, ಇಎಸ್‌ಐ, ಬೋನಸ್ಸಿಗೆ ಇನ್ನು ನೂರಕ್ಕೆ ಇಪ್ಪತ್ತು ಸೇರಿಸಿದರೆ ವರ್ಷಕ್ಕೆ ಸುಮಾರು 62 ಲಕ್ಷ. ಯುನಿಟ್ಟಿಗೆ 1 ರೂಪಾಯಿ 45 ಪೈಸೆ.

ಬಾಯ್ಲರ್ ಮುಂದೆ ಸರ್ಟಿಫಿಕೇಟ್ ಇರುವ ಅಟೆಂಡೆಂಟರೇ ಇರಬೇಕೆಂಬುದು ಕಾನೂನು. ಹೆಲ್ಪರನ್ನೇ ನಿಲ್ಲಿಸಿ ಪಗಾರ ಉಳಿಸುವ ಜಾಗ ಅದಲ್ಲ. ಡ್ರಮ್ಮಿನಲ್ಲಿ ನೀರಿನ ಮಟ್ಟ ಕೆಲವು ನಿಮಿಷ ತಪ್ಪಿದರೂ ಟ್ಯೂಬು ಸುಡುತ್ತದೆ, ಪಕ್ಕದಲ್ಲಿ ನಿಂತವರ ಜೀವಕ್ಕೂ ಅಪಾಯ. ಸಣ್ಣ ಸ್ಥಾವರದ ಕಷ್ಟ ಇದೇ. ಐದು ಮೆಗಾವ್ಯಾಟಿನ ಟರ್ಬೈನಿಗೂ ಹೆಚ್ಚುಕಡಿಮೆ ಇಷ್ಟೇ ಜನ ಬೇಕು, ಅಲ್ಲಿ ಅದೇ 62 ಲಕ್ಷ ಐದು ಪಟ್ಟು ಯುನಿಟ್‌ಗಳ ಮೇಲೆ ಹಂಚಿಹೋಗುತ್ತದೆ. ಇಲ್ಲಿ ಒಂದೂವರೆ ರೂಪಾಯಿ ಆಗುವುದು ಅಲ್ಲಿ ಮೂವತ್ತು ಪೈಸೆಯ ಆಸುಪಾಸು.

ಮೆಂಟೆನೆನ್ಸಿಗೆ ಬರೋಣ. ಹೊಟ್ಟಿನ ಬೂದಿಯ ಸಿಲಿಕಾ ಮರಳುಕಾಗದದ ಹಾಗೆ ಉಜ್ಜುತ್ತದೆ. ಬೆಡ್ಡಿನಲ್ಲಿರುವ ಟ್ಯೂಬುಗಳು, ಎಕನಮೈಸರಿನ ತಿರುವುಗಳು, ಐಡಿ ಫ್ಯಾನಿನ ರೆಕ್ಕೆಗಳು ಸವೆಯುತ್ತಲೇ ಇರುತ್ತವೆ. ಐಡಿ ಫ್ಯಾನ್ ನಡುಗತೊಡಗಿದರೆ ರೆಕ್ಕೆ ಒಂದೊಂದು ಕಡೆ ಒಂದೊಂದು ರೀತಿ ಸವೆದಿದೆ ಎಂದು ತಿಳಿಯಬೇಕು. ಲೋಡ್ ಹೆಚ್ಚದೇ ಅದರ ಆಂಪ್ಸ್ ಮಾತ್ರ ಏರುತ್ತಿದ್ದರೆ ಏರ್ ಹೀಟರಿನ ಟ್ಯೂಬು ತೂತಾಗಿ ಹೊರಗಿನ ಗಾಳಿ ಹೊಗೆಯೊಳಗೆ ನುಗ್ಗುತ್ತಿದೆ ಎಂಬ ಅನುಮಾನ ಬರಬೇಕು. ಇಂಥ ಸವಕಳಿ, ಒಳಗಿನ ಇಟ್ಟಿಗೆ ಲೈನಿಂಗು, ವಾರ್ಷಿಕ ತಪಾಸಣೆಗೆಂದು ನಿಲ್ಲಿಸಿದಾಗಿನ ಕೆಲಸ, ಎಣ್ಣೆ, ಬಿಡಿಭಾಗ ಎಲ್ಲಕ್ಕೂ ವರ್ಷಕ್ಕೆ 26 ಲಕ್ಷ ಹಿಡಿಯೋಣ. ಇದರ ಜೊತೆ ವರ್ಷಕ್ಕೆ 10 ಲಕ್ಷ ತೆಗೆದಿಡಲೇಬೇಕು, ನಾಲ್ಕೈದು ವರ್ಷಕ್ಕೊಮ್ಮೆ ಬರುವ ಟರ್ಬೈನ್ ಓವರ್‌ಹಾಲಿಗೆ, ಟ್ಯೂಬ್ ಸೆಟ್ ಬದಲಾವಣೆಗೆ. ಈ ಹತ್ತು ಲಕ್ಷವನ್ನು ಯಾರೂ ಬರೆಯುವುದಿಲ್ಲ, ಆ ವರ್ಷ ಬಿಲ್ಲು ಬಂದಿರುವುದಿಲ್ಲವಲ್ಲ. ಆಮೇಲೆ ನಾಲ್ಕನೇ ವರ್ಷದಲ್ಲಿ ಅರ್ಧ ಕೋಟಿಯ ಬಿಲ್ಲು ಒಮ್ಮೆಗೇ ಬಂದಾಗ "ಈ ವರ್ಷ ದುರದೃಷ್ಟ" ಎನ್ನುತ್ತಾರೆ. ಹಿಂದಿನ ಮೂರು ವರ್ಷಗಳಲ್ಲಿ ಸವೆದದ್ದರ ಬಿಲ್ಲೇ ಅದು. ಎರಡೂ ಸೇರಿ 36 ಲಕ್ಷ, ಯುನಿಟ್ಟಿಗೆ 84 ಪೈಸೆ. ನೀರು, ಕೆಮಿಕಲ್, ಬೂದಿ ಸಾಗಣೆಗೆ ಇನ್ನೊಂದು 10 ಲಕ್ಷ, 23 ಪೈಸೆ.

ಎಲ್ಲ ಸೇರಿ 3 ಕೋಟಿ 24 ಲಕ್ಷ. ಯುನಿಟ್ಟಿಗೆ 7 ರೂಪಾಯಿ 58 ಪೈಸೆ. ಇದೇ ಸ್ಥಾವರ, ಇದೇ ವರ್ಷ, ಹೊಟ್ಟನ್ನು ಪುಕ್ಕಟೆ ಎಂದು ಬಿಟ್ಟು, ಓವರ್‌ಹಾಲಿನ ನಿಧಿ ಮರೆತು, ಜನರೇಟರ್ ಮೀಟರಿನ ಯುನಿಟ್‌ನಿಂದ ಭಾಗಿಸಿದರೆ ಬರುವುದು 2 ರೂಪಾಯಿ 4 ಪೈಸೆ. ಯಂತ್ರಕ್ಕೆ ಮಾಡಿದ ಸಾಲ ಇದರಲ್ಲಿ ಇನ್ನೂ ಸೇರಿಲ್ಲ. ಏಳು ಕೋಟಿಯ ಸ್ಥಾವರ, ನೂರಕ್ಕೆ ಹತ್ತರ ಬಡ್ಡಿ, ಹತ್ತು ವರ್ಷದ ಕಂತು ಎಂದು ಹಿಡಿದರೆ ವರ್ಷಕ್ಕೆ ಸುಮಾರು 1 ಕೋಟಿ 14 ಲಕ್ಷ, ಯುನಿಟ್ಟಿಗೆ ಇನ್ನೂ 2 ರೂಪಾಯಿ 67 ಪೈಸೆ. ಹೊಸದಾಗಿ ಹಾಕಬೇಕೇ ಬೇಡವೇ ಎಂದು ಯೋಚಿಸುವವರು ಇದನ್ನು ಸೇರಿಸಿ ಹತ್ತೂಕಾಲು ರೂಪಾಯಿಯನ್ನು ನೋಡಬೇಕು. ಈಗಾಗಲೇ ಹಾಕಿಕೊಂಡವರು ಕಂತು ಹೇಗೂ ಕಟ್ಟಲೇಬೇಕಾದ್ದರಿಂದ, ಓಡಿಸುವ ನಿರ್ಧಾರಕ್ಕೆ ಅದನ್ನು ಎಳೆದು ತರಬಾರದು. ಡೀಸೆಲ್ ಜನರೇಟರಿನ ಜೊತೆ ಹೋಲಿಸಿ ಸಮಾಧಾನ ಪಡುವುದೂ ಬೇಡ. ಲೀಟರಿಗೆ ಮೂರೂವರೆ ಯುನಿಟ್, ಲೀಟರಿಗೆ 90 ರೂಪಾಯಿ ಎಂದರೆ ಎಣ್ಣೆಗೇ ಯುನಿಟ್ಟಿಗೆ 25 ರೂಪಾಯಿ ದಾಟುತ್ತದೆ. ಅದರ ಮುಂದೆ ಯಾವುದೂ ಅಗ್ಗವಾಗಿಯೇ ಕಾಣುತ್ತದೆ.

ಇಲ್ಲಿಯವರೆಗಿನದು ಒಳ್ಳೆಯ ವರ್ಷದ ಲೆಕ್ಕ. ತುಂಗಭದ್ರಾ ಅಚ್ಚುಕಟ್ಟಿನ ಮಿಲ್ಲುಗಳಿಗೆ ಒಳ್ಳೆಯ ವರ್ಷ ಎಂದರೆ ಕಾಲುವೆಯಲ್ಲಿ ಎರಡು ಬೆಳೆಗೂ ನೀರು ಬಂದ ವರ್ಷ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಹೆದರಿದ್ದು ಇದಕ್ಕೇ. ಒಂದೇ ಬೆಳೆ ಬಂದು ಮಿಲ್ಲು 3500 ಗಂಟೆ ಮಾತ್ರ ಓಡಿತು ಎಂದುಕೊಳ್ಳಿ. ಪ್ಯಾನೆಲ್ಲಿಗೆ ಬರುವುದು 24 ಲಕ್ಷ 92 ಸಾವಿರ ಯುನಿಟ್. ಆಪರೇಟರುಗಳನ್ನು ಮನೆಗೆ ಕಳಿಸಲು ಬರುವುದಿಲ್ಲ, ಕಳಿಸಿದರೆ ಮುಂದಿನ ಸುಗ್ಗಿಗೆ ಅವರು ಬೇರೆ ಕಡೆ ಸೇರಿರುತ್ತಾರೆ. ಆ 62 ಲಕ್ಷ ಹಾಗೇ ಉಳಿದು ಯುನಿಟ್ಟಿಗೆ 2 ರೂಪಾಯಿ 49 ಪೈಸೆ ಆಗುತ್ತದೆ. ಮೆಂಟೆನೆನ್ಸು ಸ್ವಲ್ಪ ಇಳಿದು 30 ಲಕ್ಷ, ನೀರು ಬೂದಿಗೆ 6 ಲಕ್ಷ, ಹೊಟ್ಟಿಗೆ 1 ಕೋಟಿ 26 ಲಕ್ಷ. ಒಟ್ಟು 2 ಕೋಟಿ 24 ಲಕ್ಷ, ಯುನಿಟ್ಟಿಗೆ 8 ರೂಪಾಯಿ 99 ಪೈಸೆ. ಭತ್ತ ಕಡಿಮೆಯಾದ ವರ್ಷ ಹೊಟ್ಟೂ ಕಡಿಮೆ, ಅದರ ಬೆಲೆಯೂ ಏರುತ್ತದೆ. ಟನ್ನಿಗೆ 3500 ಆದರೆ 11 ರೂಪಾಯಿ. ಬಾಯ್ಲರ್, ಟರ್ಬೈನ್, ಜನ ಯಾರೂ ಏನೂ ತಪ್ಪು ಮಾಡಿಲ್ಲ. ಓಡಿದ ಗಂಟೆ ಕಡಿಮೆಯಾಯಿತು, ಅಷ್ಟೇ.

ಗಂಟೆಗಳ ಜೊತೆ ಲೋಡೂ ಮುಖ್ಯ. ಟರ್ಬೈನ್ ಒಂದು ಯುನಿಟ್ಟನ್ನೂ ಕೊಡದೆ ಬರೀ ತಿರುಗುತ್ತಿರಲಿಕ್ಕೇ ನಮ್ಮ ಉದಾಹರಣೆಯಲ್ಲಿ ಗಂಟೆಗೆ 900 ಕಿಲೋ ಹಬೆ ಬೇಕು. ಲೋಡ್ ಎಷ್ಟೇ ಇಳಿದರೂ ಈ 900 ಇಳಿಯುವುದಿಲ್ಲ. ರಾತ್ರಿ ಮಿಲ್ಲಿನ ಒಂದು ಲೈನ್ ನಿಲ್ಲಿಸಿ ಟರ್ಬೈನ್ 400 ಕಿಲೋವ್ಯಾಟಿಗೆ ಬಂತು ಎನ್ನಿ. ಯುನಿಟ್ಟಿಗೆ ಹಬೆ 6.4 ಕಿಲೋದಿಂದ ಏಳೂವರೆಗೆ ಏರುತ್ತದೆ. ಬಾಯ್ಲರಿನ ಉರಿಯೂ ಸ್ವಲ್ಪ ಹದ ತಪ್ಪುತ್ತದೆ. ಫ್ಯಾನು, ಪಂಪುಗಳು ಅರ್ಧಕ್ಕೆ ಇಳಿಯುವುದಿಲ್ಲ, 88ರ ಜಾಗದಲ್ಲಿ 70 ಕಿಲೋವ್ಯಾಟ್ ತಿನ್ನುತ್ತಲೇ ಇರುತ್ತವೆ. ಪ್ಯಾನೆಲ್ಲಿಗೆ ಬರುವುದು 330 ಮಾತ್ರ, ಉರಿಯುವುದು ಗಂಟೆಗೆ 885 ಕಿಲೋ ಹೊಟ್ಟು. ಪೂರ್ತಿ ಲೋಡಿನ ಹತ್ತಿರ ಪ್ಯಾನೆಲ್ಲಿನ ಒಂದು ಯುನಿಟ್ಟಿಗೆ 2.02 ಕಿಲೋ ಹೋಗುತ್ತಿದ್ದದ್ದು ಇಲ್ಲಿ 2.68 ಕಿಲೋ ಆಯಿತು. ಹೊಟ್ಟಿನ ಖರ್ಚೇ 6 ರೂಪಾಯಿ 70 ಪೈಸೆ.

ಹಾಗಾದರೆ ಇವತ್ತು ಟರ್ಬೈನ್ ಓಡಿಸಬೇಕೋ, ಜೆಸ್ಕಾಂ ಕರೆಂಟು ತೆಗೆದುಕೊಳ್ಳಬೇಕೋ? ಈ ಪ್ರಶ್ನೆಗೆ 7 ರೂಪಾಯಿ 58 ಪೈಸೆ ಉತ್ತರವಲ್ಲ. ಓಡಿಸಿದರೂ ನಿಲ್ಲಿಸಿದರೂ ಪಗಾರ ಕೊಡಲೇಬೇಕು. ನಿಲ್ಲಿಸಿದರೆ ಯಾವುದು ಉಳಿಯುತ್ತದೋ ಅದನ್ನಷ್ಟೇ ನೋಡಬೇಕು. ಹೊಟ್ಟು 5 ರೂಪಾಯಿ 6 ಪೈಸೆ, ನೀರು ಬೂದಿಗೆ 23 ಪೈಸೆ, ಓಡಿದ್ದಕ್ಕೇ ಆಗುವ ಸವಕಳಿಗೆ 45 ಪೈಸೆ ಎಂದರೆ 5 ರೂಪಾಯಿ 74 ಪೈಸೆ. ಜೆಸ್ಕಾಂ ಕಡೆಯಿಂದಲೂ ಹಾಗೆಯೇ, ಬಿಲ್ಲಿನ ಒಟ್ಟು ಮೊತ್ತವನ್ನು ಭಾಗಿಸಬಾರದು. ಇನ್ನೊಂದು ಯುನಿಟ್ ಬಳಸಿದರೆ ಬಿಲ್ಲು ಎಷ್ಟು ಏರುತ್ತದೆ ಎಂಬುದನ್ನು ನೋಡಬೇಕು, ಯುನಿಟ್ ದರ, ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಸೇರಿಸಿ. ಅದು 7 ರೂಪಾಯಿ 50 ಪೈಸೆ ಇದ್ದರೆ, 800 ಕಿಲೋವ್ಯಾಟ್ ಲೋಡಿನಲ್ಲಿ ಟರ್ಬೈನ್ ಓಡಿಸುವುದರಲ್ಲಿ ಅನುಮಾನವೇ ಇಲ್ಲ. 400ಕ್ಕೆ ಇಳಿದರೆ ಅದೇ ಲೆಕ್ಕ 8 ರೂಪಾಯಿಯ ಹತ್ತಿರ ಬರುತ್ತದೆ, ಅಂದರೆ ಪ್ರತಿ ಯುನಿಟ್ಟಿಗೂ ನಷ್ಟ. ಹಾಗೆಂದು ಪ್ರತಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹಚ್ಚುವುದೂ ಆಗದು. ತಣ್ಣಗಾದ ಬಾಯ್ಲರನ್ನು ನಿಧಾನಕ್ಕೆ ಕಾಯಿಸಿ ಟರ್ಬೈನ್ ತಿರುಗಿಸುವಷ್ಟರಲ್ಲಿ ಗಂಟೆಗಟ್ಟಲೆ ಹೊಟ್ಟು ಸುಮ್ಮನೆ ಉರಿಯುತ್ತದೆ, ಟ್ಯೂಬಿಗೂ ಲೈನಿಂಗಿಗೂ ಪೆಟ್ಟು. ಕಡಿಮೆ ಲೋಡ್ ವಾರಗಟ್ಟಲೆ ಇರುತ್ತದೆಂದು ಗೊತ್ತಿದ್ದರೆ ನಿಲ್ಲಿಸಬೇಕು. ಒಂದು ರಾತ್ರಿಯ ಮಾತಾದರೆ ಮಿಲ್ಲಿನ ಕೆಲಸವನ್ನೇ ಒಟ್ಟುಗೂಡಿಸಿ ಲೋಡ್ ಏರಿಸಬೇಕು.

ಭತ್ತ ಬೇಯಿಸುವ ಮಿಲ್ಲುಗಳಿಗೆ ಇನ್ನೊಂದು ದಾರಿಯಿದೆ, ಈ ಲೆಕ್ಕವನ್ನೇ ಬದಲಿಸುವಂಥದ್ದು. ಬೇಯಿಸಲು, ಒಣಗಿಸಲು ಗಂಟೆಗೆ ಮೂರು ಟನ್ ಹಬೆ ಹೇಗೂ ಬೇಕು. ಅದನ್ನು ಚಿಕ್ಕ ಬಾಯ್ಲರಿನಲ್ಲಿ ಕಡಿಮೆ ಒತ್ತಡದಲ್ಲಿ ಮಾಡುವ ಬದಲು, 32 ಬಾರಿನಲ್ಲಿ ಮಾಡಿ ಬ್ಯಾಕ್ ಪ್ರೆಶರ್ ಟರ್ಬೈನಿನ ಮೂಲಕ ಹಾಯಿಸಿ, ಹೊರಬಂದ ಹಬೆಯಲ್ಲಿ ಭತ್ತ ಬೇಯಿಸಬಹುದು. ಇಂಥ ಟರ್ಬೈನಿನಲ್ಲಿ ಒಂದು ಯುನಿಟ್ಟಿಗೆ 13 ಕಿಲೋ ಹಬೆ ಬೇಕಾಗುತ್ತದೆ, ಕಂಡೆನ್ಸರ್ ಇರುವುದರ ಎರಡು ಪಟ್ಟು. ಅದನ್ನು ನೋಡಿಯೇ ಬೇಡ ಎಂದವರಿದ್ದಾರೆ. ಆದರೆ ಆ ಹಬೆಯ ಶಾಖ ಕೂಲಿಂಗ್ ಟವರಿಗೆ ಹೋಗುವುದಿಲ್ಲ, ಭತ್ತಕ್ಕೆ ಹೋಗುತ್ತದೆ. ಕರೆಂಟಿಗೆಂದು ಹೆಚ್ಚುವರಿಯಾಗಿ ಉರಿಯುವ ಹೊಟ್ಟು ಯುನಿಟ್ಟಿಗೆ 400 ಗ್ರಾಂ ಮಾತ್ರ, ಒಂದು ರೂಪಾಯಿಯದು. ಸಿಗುವುದು ಗಂಟೆಗೆ 230 ಯುನಿಟ್ ಅಷ್ಟೇ, ಮಿಲ್ಲಿನ ಅಗತ್ಯದ ಮೂರರಲ್ಲಿ ಒಂದು ಪಾಲು. ಬೇಯಿಸುವುದು ನಿಂತರೆ ಕರೆಂಟೂ ನಿಲ್ಲುತ್ತದೆ. ಆದರೂ ಹೊಸ ಯಂತ್ರ ಹಾಕುವವರು ಮೊದಲು ಇದರ ಲೆಕ್ಕ ಮಾಡಿ, ಆಮೇಲೆ ಕಂಡೆನ್ಸರಿನ ಮಾತಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಡೆನ್ಸರ್ ಟರ್ಬೈನ್ ಈಗಾಗಲೇ ಇರುವವರು ಒಂದು ಅಂಕಿಯನ್ನು ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಬರೆದಿಡಲಿ. ಜೆಸ್ಕಾಂನ ಮುಂದಿನ ಯುನಿಟ್ಟಿನ ದರದಲ್ಲಿ ನೀರು, ಬೂದಿ, ಸವಕಳಿಯ 68 ಪೈಸೆ ಕಳೆದು, 2.02ರಿಂದ ಭಾಗಿಸಿ. 7 ರೂಪಾಯಿ 50 ಪೈಸೆಗೆ ಅದು ಕಿಲೋಗೆ 3 ರೂಪಾಯಿ 37 ಪೈಸೆ, ಟನ್ನಿಗೆ ಸುಮಾರು 3370 ರೂಪಾಯಿ. ಹೊಟ್ಟಿನ ಮಾರುಕಟ್ಟೆ ಬೆಲೆ ಇದರ ಕೆಳಗಿರುವವರೆಗೆ ಸುಡಿ. ಮೇಲೆ ಹೋಗಿ ನಿಂತರೆ ಹೊಟ್ಟು ಮಾರಿ, ಕರೆಂಟು ಕೊಳ್ಳಿ. ಆದರೆ ಆ ದಿನ ಕೊಳ್ಳಲು ಜೆಸ್ಕಾಂ ಜೊತೆ ಒಪ್ಪಂದದ ಲೋಡ್ ಇರಬೇಕು. ಒಪ್ಪಂದ ಮೀರಿ ಎಳೆದರೆ ಹೆಚ್ಚುವರಿ ಬೇಡಿಕೆಗೆ ಇಮ್ಮಡಿ ದರ ಬೀಳುತ್ತದೆ. ಎರಡು ರೂಪಾಯಿ ಚಿಲ್ಲರೆ ಎಂಬ ಅಂಕಿ ನಂಬಿ ಲೋಡ್ ಬಿಟ್ಟುಕೊಟ್ಟ ಮಿಲ್ಲಿಗೆ ಟನ್ನಿಗೆ 3500 ಇರುವ ಹೊಟ್ಟನ್ನೂ ಸುಡದೆ ಬೇರೆ ದಾರಿಯಿಲ್ಲ.